ದಸರಾ ಜಾಹೀರಾತು: ತಿದ್ದಿದ ಪ್ರತಿ

ಸಾವುಕಾರ್ರೆ, ಶರಣಾರ್ಥಿ.

ನೀವು ಕಳಿಸಿದ ದಸರಾ ಜಾಹೀರಾತು ಓದಿದೆ. ಫೋಟೊ ಚೆನ್ನಾಗಿವೆ, ಅದರಲ್ಲೂ ಪಾಟ್ಲಿ ಹಾಕಿದ ಕೈಯ ಫೋಟೊ. ಅದನ್ನೇ ದೊಡ್ಡದು ಮಾಡೋಣ. ತೊಂದರೆ ಇರೋದು ಅದರ ಮೇಲಿನ ಮೂರು ಸಾಲಿನಲ್ಲಿ:

"ನೂರಕ್ಕೆ ನೂರು ಶುದ್ಧ ಕೆಡಿಎಂ ಬಂಗಾರ! ಮೇಕಿಂಗ್ ಚಾರ್ಜ್ ಸೊನ್ನೆ*! ಜೀವನಪೂರ್ತಿ 100% ಬೈಬ್ಯಾಕ್*!"

ಕೆಳಗೆ ಇರುವೆಯಷ್ಟು ಅಕ್ಷರದಲ್ಲಿ "*ಷರತ್ತುಗಳು ಅನ್ವಯಿಸುತ್ತವೆ". ಯಾವ ಷರತ್ತು ಅಂತ ಎಲ್ಲೂ ಇಲ್ಲ.

ನೀವು ಮಾರೋದು 22 ಕ್ಯಾರೆಟ್. ಅದರಲ್ಲಿ ಸಾವಿರಕ್ಕೆ 916 ಭಾಗ ಬಂಗಾರ, ಉಳಿದದ್ದು ಗಟ್ಟಿಯಾಗಲಿ ಅಂತ ಸೇರಿಸಿದ ಬೇರೆ ಲೋಹ. ನೂರಕ್ಕೆ ನೂರು ಬಂಗಾರದಲ್ಲಿ ಪಾಟ್ಲಿ ಮಾಡಿದರೆ ಬಾಗಿಲಿಗೆ ತಾಗಿದರೂ ಸೊಟ್ಟಾಗುತ್ತದೆ. ಇದು ನನಗಿಂತ ನಿಮಗೇ ಚೆನ್ನಾಗಿ ಗೊತ್ತು. ಕೆಡಿಎಂ ಅನ್ನೋದು ಬೆಸುಗೆಗೆ ಕ್ಯಾಡ್ಮಿಯಂ ಹಾಕುತ್ತಿದ್ದ ಕಾಲದ ಮಾತು. ಅದರ ಹೊಗೆ ಅಕ್ಕಸಾಲಿಗರ ಎದೆಗೇ ಕುತ್ತು. ಶುದ್ಧತೆಗೆ ಅದು ಸಾಕ್ಷಿ ಅಲ್ಲ. ನಿಮ್ಮ ಒಡವೆ ಮೇಲೆ ಹಾಲ್‌ಮಾರ್ಕ್ ಇದೆ, ಎಚ್‌ಯುಐಡಿ ಇದೆ. ಇಷ್ಟೆಲ್ಲ ಇಟ್ಟುಕೊಂಡು ಕೆಡಿಎಂ ಅಂತ ಯಾಕೆ ಕೂಗಬೇಕು?

ಎರಡನೇ ಸಾಲಿನದು ಇನ್ನೂ ಕಷ್ಟ. ಮೇಕಿಂಗ್ ಸೊನ್ನೆ ಅಂತ ಮೇಲೆ ಹಾಕಿ, ಬಿಲ್ಲಿನಲ್ಲಿ "ವೇಸ್ಟೇಜ್ 12%" ಅಂತ ಬರೆದರೆ ಗಿರಾಕಿ ಕೌಂಟರ್ ಮುಂದೆ ನಿಂತೇ ಜಗಳ ತೆಗೆಯುತ್ತಾರೆ. ಹೋದ ವರ್ಷ ಹಾಗೇ ಆಯಿತು ಅಂತ ನೀವೇ ಫೋನಿನಲ್ಲಿ ಹೇಳಿದ್ರಿ. ಅದಕ್ಕೇ ಎರಡನ್ನೂ ಕೂಡಿಸಿ "ಮಜೂರಿ" ಅಂತ ಒಂದೇ ಅಂಕಿ ಮಾಡಿದ್ದೇನೆ. ನಮ್ಮ ಕಲಬುರಗಿ ಜನಕ್ಕೆ ಆ ಮಾತು ಹೊಸದಲ್ಲ. ನೀವು ಕೊಟ್ಟ ದರಪಟ್ಟಿಯನ್ನೇ ಹಾಕಿದ್ದೇನೆ, ಅಂಕಿ ಯಾವುದೂ ನನ್ನದಲ್ಲ.

ತಿದ್ದಿದ ಪ್ರತಿ ಇದು. ಅಂಗಡಿ ಹೆಸರು, ವಿಳಾಸ, ಫೋನ್ ನಂಬರ್ ಲೋಗೊ ಪಟ್ಟಿಯಲ್ಲೇ ಇರೋದರಿಂದ ಮತ್ತೆ ಬರೆದಿಲ್ಲ.

---

ಬನ್ನಿ ತಗೊಂಡು ಬಂಗಾರದಂಗ ಇರೋಣ!

ಇಳಕಲ್ ಸೀರೆಯ ಕೆಂಪು ಸೆರಗು. ಹಸಿರು ಬಳೆಗಳ ನಡುವೆ ಹೊಳೆಯುವ ಪಾಟ್ಲಿ. ಕೊರಳಲ್ಲಿ ಬೋರಮಾಳ, ಕಿವಿಯಲ್ಲಿ ಝುಮಕಿ. ಬನ್ನಿ ಕೊಡಲು ನೀವು ಕೈ ಚಾಚಿದರೆ ನೋಡುವವರ ಕಣ್ಣು ಎಲೆ ಬಿಟ್ಟು ಕೈ ಮೇಲೇ!

ಈ ದಸರೆಗೆ ಮಜೂರಿಯಲ್ಲಿ ಕಾಲು ಭಾಗ ಕಡಿತ
ಘಟಸ್ಥಾಪನೆಯ ದಿನದಿಂದ ವಿಜಯದಶಮಿ ರಾತ್ರಿ 9ರವರೆಗೆ. ಅಂಗಡಿಯಲ್ಲಿರುವ ಎಲ್ಲ 22 ಕ್ಯಾರೆಟ್ ಒಡವೆಗೂ.

ಸಾದಾ ಸರ, ಸಾದಾ ಬಳೆ: 8% ಇದ್ದದ್ದು ಈಗ 6%
ನಕ್ಷೆ ಪಾಟ್ಲಿ, ಗುಂಡಿನ ಸರ, ಬೋರಮಾಳ: 12% ಇದ್ದದ್ದು ಈಗ 9%
ದೇವರ ಕೆತ್ತನೆಯ ಹಾರ, ಕಲ್ಲಿನ ಹಾರ: 18% ಇದ್ದದ್ದು ಈಗ 13.5%

ಮಜೂರಿ ಲೆಕ್ಕ ಬಂಗಾರದ ಬೆಲೆಯ ಮೇಲೆ. ವೇಸ್ಟೇಜ್ ಅಂತ ಬೇರೆ ಸೇರಿಸುವುದಿಲ್ಲ. ಹಾಲ್‌ಮಾರ್ಕ್ ಖರ್ಚು ನಮ್ಮದು.

ಹೊಳಪು ಕಣ್ಣಿಗೆ, ಗುರುತು ಕೈಗೆ
ನಮ್ಮ ಬಂಗಾರ 22 ಕ್ಯಾರೆಟ್, 916. ಒಡವೆಯ ಮೇಲೆ ಮೂರು ಗುರುತು ನೋಡಿ: ಬಿಐಎಸ್ ಮುದ್ರೆ, 22K916 ಅನ್ನುವ ಬರಹ, ಆರು ಅಕ್ಷರ-ಅಂಕಿಯ ಎಚ್‌ಯುಐಡಿ. ಕಾಣಲಿಲ್ಲವೇ? ಕೌಂಟರಿನಲ್ಲಿ ಭೂತಗನ್ನಡಿ ಇದೆ, ಕೇಳಿ. ಫೋನಿನಲ್ಲಿ BIS Care ಆ್ಯಪ್ ತೆಗೆದು ಆ ನಂಬರ್ ಹಾಕಿ, ವಿವರ ನೀವೇ ನೋಡಿ. ಆಮೇಲೆ ಹಣ ಕೊಡಿ.
2 ಗ್ರಾಂಗಿಂತ ಕಡಿಮೆ ತೂಕದ ಮೂಗುಬಟ್ಟು, ಚಿಕ್ಕ ಓಲೆಗೆ ಹಾಲ್‌ಮಾರ್ಕ್ ಕಡ್ಡಾಯವಿಲ್ಲ. ಅವುಗಳ ಶುದ್ಧತೆಯನ್ನು ಬಿಲ್ಲಿನಲ್ಲಿ ಬರೆದು ಕೊಡುತ್ತೇವೆ.

ಬಂಗಾರಕ್ಕೆ ಮಾತ್ರ ಬಂಗಾರದ ಬೆಲೆ
ಕಲ್ಲು, ಅರಗು, ದಾರದ ತೂಕ ಕಳೆದು ಉಳಿದ ಬಂಗಾರಕ್ಕಷ್ಟೇ ಬಂಗಾರದ ದರ. ಕಲ್ಲಿನ ಬೆಲೆ ಬಿಲ್ಲಿನಲ್ಲಿ ಬೇರೆ ಸಾಲಿನಲ್ಲಿ. ತೂಕ ನಿಮ್ಮ ಕಣ್ಣೆದುರೇ, ಗ್ರಾಂ ಲೆಕ್ಕದಲ್ಲಿ.

ಒಂದು ಜೋಡಿ ನಕ್ಷೆ ಪಾಟ್ಲಿ, ಪೂರ್ತಿ ಲೆಕ್ಕ
ನಿವ್ವಳ ಬಂಗಾರ 20 ಗ್ರಾಂ. ದರ ಗ್ರಾಂಗೆ ₹10,000 ಎಂದು ಹಿಡಿಯೋಣ.
ಬಂಗಾರ ₹2,00,000
ಮಜೂರಿ 9% ₹18,000 (ಹಬ್ಬದ ಕಡಿತ ಇಲ್ಲದಿದ್ದರೆ ₹24,000)
ಜಿಎಸ್‌ಟಿ 3% ₹6,540
ನೀವು ಕೊಡುವುದು ₹2,24,540
ಇದು ಉದಾಹರಣೆಯ ದರ. ಆ ದಿನದ ದರ ಬೆಳಿಗ್ಗೆಯೇ ಬಾಗಿಲ ಬಳಿಯ ಹಲಗೆ ಮೇಲೆ ಇರುತ್ತದೆ.

ವಾಪಸ್ ತಂದರೆ?
ನಮ್ಮಲ್ಲಿ ಕೊಂಡ 22 ಕ್ಯಾರೆಟ್ ಒಡವೆ ಯಾವಾಗ ತಂದರೂ, ತಂದ ದಿನದ 22 ಕ್ಯಾರೆಟ್ ದರದಲ್ಲಿ, ಅದರಲ್ಲಿರುವ ಬಂಗಾರದ ತೂಕಕ್ಕೆ:
ಬದಲಿಗೆ ಹೊಸ ಒಡವೆ ತೆಗೆದುಕೊಂಡರೆ ಪೂರ್ತಿ ಬೆಲೆ.
ಹಣವೇ ಬೇಕೆಂದರೆ 3% ಕಳೆದು, ಅಂದೇ ನಿಮ್ಮ ಬ್ಯಾಂಕ್ ಖಾತೆಗೆ.
ಮೊದಲು ಕೊಟ್ಟ ಮಜೂರಿ, ಜಿಎಸ್‌ಟಿ, ಕಲ್ಲಿನ ಬೆಲೆ ವಾಪಸ್ ಬರುವುದಿಲ್ಲ. ದರ ಏರಿದ್ದರೆ ಏರಿದ ದರ, ಇಳಿದಿದ್ದರೆ ಇಳಿದ ದರ. ಬಿಲ್ ಜೋಪಾನವಾಗಿಡಿ.
ಅದೇ ಪಾಟ್ಲಿ ತಂದ ದಿನ ದರ ₹11,000 ಇದ್ದರೆ: ಹೊಸ ಒಡವೆಗೆ ₹2,20,000, ಹಣಕ್ಕೆ ₹2,13,400.

ಬೇರೆ ಅಂಗಡಿಯ ಹಳೇ ಬಂಗಾರ ತಂದರೂ ಸರಿ. ನಿಮ್ಮೆದುರೇ ಮಷಿನ್‌ನಲ್ಲಿ ಪರೀಕ್ಷೆ. ನೀವು ಹೂಂ ಅಂದರೆ ಮಾತ್ರ ಕರಗಿಸುತ್ತೇವೆ.

₹2 ಲಕ್ಷ ದಾಟಿದ ಖರೀದಿಗೆ ಪ್ಯಾನ್ ಕಾರ್ಡ್ ತನ್ನಿ. ₹2 ಲಕ್ಷ ಅಥವಾ ಹೆಚ್ಚಿನ ನಗದು ತೆಗೆದುಕೊಳ್ಳುವಂತಿಲ್ಲ. ಯುಪಿಐ, ಕಾರ್ಡ್, ಚೆಕ್ ನಡೆಯುತ್ತದೆ.

ಸೀಮೋಲ್ಲಂಘನಕ್ಕೆ ಹೊರಡುವ ಮುಂಚೆ ಒಮ್ಮೆ ಅಂಗಡಿಗೆ ಬನ್ನಿ. ಕೈ ಖಾಲಿ ಯಾಕಿರಬೇಕು?

---

ಕೆಲವು ಕಡೆ ನೀವು ತಕರಾರು ಮಾಡುತ್ತೀರಿ ಅಂತ ಗೊತ್ತು, ಮೊದಲೇ ಹೇಳಿಬಿಡುತ್ತೇನೆ.

"ಪರ್ಸೆಂಟೇಜ್ ಬರೆದರೆ ಪಕ್ಕದ ಅಂಗಡಿಯವರು ನೋಡುತ್ತಾರೆ" ಅಂತ ಅಂದ್ರಿ. ನೋಡಲಿ ಬಿಡಿ. ನಿಮ್ಮ ದರ ಅವರಿಗೆ ಈಗಲೂ ಗೊತ್ತು. ಗೊತ್ತಿಲ್ಲದೇ ಇರೋದು ಆಳಂದದಿಂದ, ಚಿಂಚೋಳಿಯಿಂದ ಬಸ್ ಹತ್ತಿ ಬರುವ ಹೆಣ್ಣುಮಕ್ಕಳಿಗೆ. ಒಂದು ದಿನದ ಕೆಲಸ ಬಿಟ್ಟು ಬರುವವರು ಮನೆಯಲ್ಲೇ ಕೂತು ಲೆಕ್ಕ ಹಾಕಿಕೊಂಡು ಹೊರಡುತ್ತಾರೆ. ಕೌಂಟರಿನಲ್ಲಿ ಚೌಕಾಸಿಯೂ ಕಡಿಮೆ ಆಗುತ್ತದೆ. "6%ರಿಂದ" ಅಂತ ಒಂದೇ ಅಂಕಿ ಹಾಕೋಣ ಅಂದ್ರಲ್ಲ, ಅದು ಬೇಡ. ಆ "ರಿಂದ" ನಂಬಿ ಬಂದವರಿಗೆ ಬೋರಮಾಳಕ್ಕೆ 9% ಅಂದರೆ ಮತ್ತೆ ಹೋದ ವರ್ಷದ ಕಥೆಯೇ.

ಅರಗಿನ ಮಾತು ಬಿಡಬೇಡಿ. ಬೋರಮಾಳದ ಗುಂಡಿನ ಒಳಗೆ ಅರಗು ತುಂಬಿರೋದು ಹಳಬರಿಗೆಲ್ಲ ಗೊತ್ತು. ಹೊಸದಾಗಿ ಕೊಳ್ಳುವವರಿಗೆ ಗೊತ್ತಿರಲ್ಲ. ಹತ್ತು ವರ್ಷ ಬಿಟ್ಟು ವಾಪಸ್ ತಂದಾಗ ತೂಕ ಕಡಿಮೆ ಬಂತು ಅಂತ ಗಾಬರಿಯಾಗುತ್ತಾರೆ. ಮೊದಲ ದಿನವೇ ಬಿಲ್ಲಿನಲ್ಲಿ ಒಟ್ಟು ತೂಕ, ಬಂಗಾರದ ತೂಕ ಎರಡೂ ಇದ್ದರೆ ಆ ಪ್ರಶ್ನೆಯೇ ಏಳಲ್ಲ. ತೊಲ ಅನ್ನೋದನ್ನೂ ತೆಗೆದಿದ್ದೇನೆ. ನಿಮ್ಮ ಲೆಕ್ಕಕ್ಕೆ ತೊಲ 10 ಗ್ರಾಂ, ಅಜ್ಜಿಯರ ಲೆಕ್ಕಕ್ಕೆ 11.66. ಮಾತಿನಲ್ಲಿ ಎಷ್ಟು ಬೇಕಾದರೂ ತೊಲ ಅನ್ನಿ, ಅಚ್ಚಿನಲ್ಲಿ ಬೇಡ.

"ದರ ಇಳಿದಿದ್ದರೆ" ಅನ್ನೋ ಮಾತು ಹಬ್ಬದ ಜಾಹೀರಾತಿಗೆ ಅಪಶಕುನ ಅಂತ ನಿಮ್ಮ ಮಗ ಅಂದ. ಅವನ ಮಾತಿನಲ್ಲೂ ಸ್ವಲ್ಪ ಹುರುಳಿದೆ. ಆದರೂ ಇರಲಿ ಅನ್ನೋದೇ ನನ್ನ ಅಭಿಪ್ರಾಯ. "ಜೀವನಪೂರ್ತಿ 100%" ಓದಿದವರು ಕೊಟ್ಟ ಹಣ ಅಷ್ಟೂ ವಾಪಸ್ ಅಂತಲೇ ತಿಳಿಯುತ್ತಾರೆ. ಬೇಕಾದರೆ ಲೆಕ್ಕದ ಉದಾಹರಣೆ ಮಾತ್ರ ಏರಿದ ದರದ್ದೇ ಇರಲಿ, ಹಾಗೇ ಇಟ್ಟಿದ್ದೇನೆ.

ಚುಕ್ಕಿ ಗುರುತು ಒಂದೂ ಇಟ್ಟಿಲ್ಲ. ದಾರಿ ತಪ್ಪಿಸುವ ಜಾಹೀರಾತು ತಡೆಯೋಕೆ ಕೇಂದ್ರ 2022ರಲ್ಲಿ ನಿಯಮ ತಂದಿದೆ. ಷರತ್ತು ಹಾಕಿದರೆ ಜಾಹೀರಾತಿನ ಭಾಷೆಯಲ್ಲೇ ಇರಬೇಕು, ಮುಖ್ಯ ಮಾತಿನ ಅಕ್ಷರಶೈಲಿಯಲ್ಲೇ ಇರಬೇಕು. ನಿಮ್ಮ ಹಳೇ ಕರಪತ್ರದಲ್ಲಿ ಮೇಲೆ ಕನ್ನಡ, ಕೆಳಗೆ ಸಣ್ಣ ಇಂಗ್ಲಿಷ್. ಮೊದಲ ಸಲಕ್ಕೇ ₹10 ಲಕ್ಷದವರೆಗೆ ದಂಡ ಹಾಕೋಕೆ ಅವಕಾಶ ಇದೆ. ಅದಕ್ಕಿಂತ ಹೆಚ್ಚಾಗಿ, ಚುಕ್ಕಿ ಕಂಡ ಕೂಡಲೇ ಜನ "ಇದರಲ್ಲೇನೋ ಇದೆ" ಅಂದುಕೊಳ್ಳುತ್ತಾರೆ. ಎಷ್ಟೇ ಚೆಂದದ ಫೋಟೊ ಹಾಕಿದರೂ ಅಲ್ಲೇ ಕಳೆ ಹೋಗುತ್ತದೆ.

ಚೆಂದದ ವಿಷಯಕ್ಕೆ ಬಂದರೆ, ಪಟಾಕಿ, ಹೂವು, ಸುರಿಯುವ ನಾಣ್ಯ ಎಲ್ಲ ತೆಗೆಸಿ. ಹಳದಿ ಮೇಲೆ ಹಳದಿ ಬಂದು ಒಡವೆಯೇ ಕಾಣ್ತಿಲ್ಲ. ಹಿಂದೆ ಗಾಢ ಹಸಿರು, ಮುಂದೆ ಆ ಕೈ, ಬೆರಳ ತುದಿಯಲ್ಲಿ ಬನ್ನಿ ಎಲೆ. ಪಾಟ್ಲಿಯ ನಕ್ಷೆ ಎಷ್ಟು ಹತ್ತಿರದಿಂದ ತೆಗೆದಿದ್ದಾರೆ ಅಂದ್ರೆ ಉಳಿ ಗೆರೆಯೂ ಕಾಣುತ್ತದೆ. ಅದೇ ಸಾಕು. ದರಪಟ್ಟಿಯನ್ನೂ ಬಂಗಾರದ ಬಣ್ಣದಲ್ಲೇ, ತಲೆಬರಹದ ಅಕ್ಷರಶೈಲಿಯಲ್ಲೇ ಹಾಕಿಸಿ. ಷರತ್ತಿನ ಹಾಗೆ ಕಾಣಬಾರದು, ಹಬ್ಬದ ಊಟದ ಪಟ್ಟಿ ಓದಿದ ಹಾಗಿರಬೇಕು.

ಸೂಪರ್ ಮಾರ್ಕೆಟ್ ಕಡೆಯ ದೊಡ್ಡ ಫ್ಲೆಕ್ಸ್‌ಗೆ ಇಷ್ಟೆಲ್ಲ ಹಿಡಿಸಲ್ಲ. ಗಾಡಿ ಮೇಲೆ ಹೋಗುವವರು ಎಷ್ಟು ಓದ್ತಾರೆ? ಅಲ್ಲಿ ಇಷ್ಟು ಮಾತ್ರ:

ಬನ್ನಿ ತಗೊಂಡು ಬಂಗಾರದಂಗ ಇರೋಣ!
22 ಕ್ಯಾರೆಟ್ 916 ಹಾಲ್‌ಮಾರ್ಕ್. ಮಜೂರಿ 6%, 9%, 13.5%. ವೇಸ್ಟೇಜ್ ಬೇರೆ ಇಲ್ಲ.
ವಾಪಸ್ ತಂದರೆ ಬಂಗಾರಕ್ಕೆ ಆ ದಿನದ ದರ: ಒಡವೆಗೆ ಪೂರ್ತಿ, ಹಣಕ್ಕೆ 3% ಕಡಿತ.

ಆಟೊದಲ್ಲಿ ಮೈಕ್ ಕಟ್ಟಿ ಕೂಗಿಸೋಕೆ ಬೇರೆ ಬರೆದಿದ್ದೇನೆ, ನಮ್ಮ ಮಾತಿನಲ್ಲೇ:

"ಅಕ್ಕಾವ್ರೇ, ಅವ್ವಾವ್ರೇ! ದಸರಾ ಬಂತು, ಪಾಟ್ಲಿ ತಗೋಳ್ರಿ! ಮಜೂರಿ ಕಾಲು ಭಾಗ ಕಮ್ಮಿ ಮಾಡೀವಿ. ನಕ್ಷೆ ಪಾಟ್ಲಿಗಿ ಹನ್ನೆರಡು ಇದ್ದದ್ದು ಒಂಬತ್ತು ಪರ್ಸೆಂಟ್! ವೇಸ್ಟೇಜ್ ಅಂತ ಬ್ಯಾರೆ ಹಾಕಂಗಿಲ್ಲ. ಹಾಲ್‌ಮಾರ್ಕ್ ನಂಬರ್ ನಿಮ್ಮ ಫೋನಿನ್ಯಾಗ ನೀವೇ ನೋಡ್ರಿ, ಆಮ್ಯಾಲ ರೊಕ್ಕ ಕೊಡ್ರಿ! ಬನ್ನಿ ಹಬ್ಬದ ರಾತ್ರಿ ಒಂಬತ್ತರ ತನಕ ಮಾತ್ರ!"

ಅಚ್ಚಿಗೆ ಕೊಡುವ ಮೊದಲು ಎರಡು ಕೆಲಸ. ಬಿಲ್ಲಿಂಗ್ ಕಂಪ್ಯೂಟರ್‌ನಲ್ಲಿ "ವೇಸ್ಟೇಜ್" ಕಾಲಂ ತೆಗೆಸಿ, ಇಲ್ಲದಿದ್ದರೆ ಜಾಹೀರಾತು ಒಂದು ಹೇಳುತ್ತದೆ, ಬಿಲ್ ಇನ್ನೊಂದು. ಕೌಂಟರಿನ ಹುಡುಗರನ್ನು ಕೂರಿಸಿಕೊಂಡು ವಾಪಸಾತಿ ಲೆಕ್ಕ ಒಮ್ಮೆ ಬಾಯಿಪಾಠ ಮಾಡಿಸಿ. ಇವೆರಡೂ ಆಯಿತು ಅಂತ ಒಂದು ಫೋನ್ ಮಾಡಿ, ಪ್ರೆಸ್‌ಗೆ ನಾನೇ ಕೊಟ್ಟು ಬರುತ್ತೇನೆ.