ವಿಷಯ: ಫೆಬ್ರವರಿಯ ರಾಣೆಬೆನ್ನೂರು ಲೋಡ್ ಬಗ್ಗೆ, ತಡವಾಗಿ ಒಂದು ಮಾತು

ಮೇಡಂ, ನಮಸ್ಕಾರ.

ಅಪ್ರೈಸಲ್ ಫಾರಂಗಳೆಲ್ಲ ಶುಕ್ರವಾರವೇ ಹೆಡ್ ಆಫೀಸಿಗೆ ಹೋದವು ಎಂದು ತಿಳಿಯಿತು. ಅದಕ್ಕೇ ಇವತ್ತು ಬರೆಯುತ್ತಿದ್ದೇನೆ. ಅದಕ್ಕೂ ಮೊದಲು ಬರೆಯಲು ಮನಸ್ಸು ಒಪ್ಪಲಿಲ್ಲ.

ಮಾರ್ಚ್ 31ಕ್ಕೆ ನಮ್ಮ ಬ್ರಾಂಚ್ ಟಾರ್ಗೆಟ್‌ನ ಮುಕ್ಕಾಲು ಭಾಗವನ್ನೂ ದಾಟಲಿಲ್ಲ. ಬೋರ್‌ವೆಲ್ ಕೆಲಸ ಜೋರಾಗಿದ್ದ ಹೊತ್ತಿಗೆ ಫ್ಯಾಕ್ಟರಿಯಿಂದ ಪೈಪ್ ಬರಲಿಲ್ಲ. ಬಂದಾಗ ಡೀಲರ್‌ಗಳು ಬೇರೆ ಕಡೆ ಮಾಲು ಎತ್ತಿಯಾಗಿತ್ತು. ಇದೆಲ್ಲ ನಿಮಗೆ ನನಗಿಂತ ಜಾಸ್ತಿ ಗೊತ್ತು.

ನಾನು ಹೇಳಬೇಕಿರುವುದು ರಾಣೆಬೆನ್ನೂರಿನ ಲೋಡ್ ವಿಷಯ. 75 ಎಂಎಂ ಕೇಳಿದ್ದವರಿಗೆ ನಾನು 63 ಎಂಎಂ ಬಿಲ್ ಮಾಡಿ ಕಳಿಸಿದ್ದೆ. ಲಾರಿ ಹೋದ ಹಾಗೇ ವಾಪಸ್ ಬಂತು. ಮರುದಿನದ ರಿವ್ಯೂ ಕಾಲ್‌ನಲ್ಲಿ "ಬಿಲ್ ಮಾಡಿದ್ದು ಯಾರು?" ಎಂದು ಕೇಳಿದರು. ನಾನು ಮ್ಯೂಟ್ ತೆಗೆಯುವಷ್ಟರಲ್ಲಿ ನೀವು ಮಾತಾಡಿಯಾಗಿತ್ತು. "ಬಿಲ್ಲನ್ನು ಇನ್ನೊಬ್ಬರು ನೋಡುವ ಪದ್ಧತಿ ನಮ್ಮಲ್ಲಿಲ್ಲ. ಅದನ್ನು ನಾನು ಮಾಡಬೇಕಿತ್ತು. ಗುರುವಾರದೊಳಗೆ ಮಾಡುತ್ತೇನೆ." ನನ್ನ ಹೆಸರು ಬರಲೇ ಇಲ್ಲ.

ಹಾಗಂತ ನನ್ನನ್ನು ಸುಮ್ನೆ ಬಿಡಲೂ ಇಲ್ಲ. ಸಂಜೆ ಗೋಡೌನ್‌ಗೆ ಕರೆದಿರಿ. ಡೀಲರ್ ಕಳಿಸಿದ್ದ ವಾಟ್ಸಾಪ್ ಆರ್ಡರ್ ಮತ್ತು ನನ್ನ ಬಿಲ್ ಎರಡನ್ನೂ ಟೇಬಲ್ ಮೇಲೆ ಪಕ್ಕಪಕ್ಕ ಇಟ್ಟು, "ಎಲ್ಲಿ ತಪ್ಪಿತು, ನೀವೇ ಹೇಳಿ" ಅಂದಿರಿ. ಹಳೆಯ ಬಿಲ್ ಕಾಪಿ ಮಾಡಿ ಸಂಖ್ಯೆ, ತಾರೀಕು ಮಾತ್ರ ಬದಲಿಸಿದ್ದೆ. ಅದನ್ನು ಬಾಯಿಬಿಟ್ಟು ಹೇಳಲು ಕಷ್ಟವಾಯಿತು, ಆದರೆ ಹೆದರಿಕೆ ಆಗಲಿಲ್ಲ. ಆಮೇಲೆ ನೀವು ರಿಜಿಸ್ಟರ್‌ನಲ್ಲಿ ಕೆಂಪು ಪೆನ್ನಿನಿಂದ ಮೂರು ಕಾಲಂ ಎಳೆದಿರಿ: ಆರ್ಡರ್, ಬಿಲ್, ಲೋಡ್. ಮೂರಕ್ಕೂ ಮೂರು ಬೇರೆ ಸಹಿ. ಅಲ್ಲಿಂದ ಮಾರ್ಚ್ ಮುಗಿಯುವವರೆಗೆ ತಪ್ಪು ಸೈಜ್ ಎಂದು ಒಂದು ಲೋಡೂ ವಾಪಸ್ ಬಂದಿಲ್ಲ.

ನನ್ನಲ್ಲಿ ಬದಲಾದದ್ದು ಇನ್ನೊಂದಿದೆ. ಹಿಂದಿನ ಕೆಲಸದಲ್ಲಿ ತಪ್ಪಾದರೆ ಮೊದಲು ಅದನ್ನು ಮುಚ್ಚಿಡುವ ದಾರಿ ಹುಡುಕುತ್ತಿದ್ದೆ. ಮಾರ್ಚ್‌ನಲ್ಲಿ ಗದಗದ ಡೀಲರ್‌ಗೆ ಡಿಸ್ಕೌಂಟ್ ಎರಡು ಸಲ ಹಾಕಿದ್ದು ಕಂಡ ತಕ್ಷಣ ನಿಮಗೇ ಫೋನ್ ಮಾಡಿದೆ, ನೆನಪಿದೆ ಅಲ್ವಾ? ಫೆಬ್ರವರಿಯ ಆ ಸಂಜೆ ಇಲ್ಲದಿದ್ದರೆ ಆ ಫೋನ್ ಬರುತ್ತಿರಲಿಲ್ಲ.

ಎಲ್ಲದಕ್ಕೂ ನಾನು ಒಪ್ಪಿದ್ದೆ ಅಂತಲ್ಲ. ಜನವರಿಯಲ್ಲಿ ರೂಟ್ ಪ್ಲಾನ್ ಮೂರು ಸಲ ಬದಲಾಗಿ ನಾವೆಲ್ಲ ಸೋತುಹೋದೆವು. ಆಗಲೇ ಹೇಳಿದ್ದೆ, ಈಗಲೂ ನನ್ನ ಅಭಿಪ್ರಾಯ ಅದೇ. ನಾನು ಹಾಗೆ ಹೇಳಿದಾಗ ನೀವು ಮುಖ ಗಂಟು ಹಾಕಿಕೊಳ್ಳದೆ ಬರೆದುಕೊಂಡಿರಿ. ಅದಕ್ಕೂ, ಆ ಕಾಲ್‌ನಲ್ಲಿ ಮುಂದೆ ನಿಂತದ್ದಕ್ಕೂ ಥ್ಯಾಂಕ್ಸ್ ಮೇಡಂ.

ಇದಕ್ಕೆ ಉತ್ತರ ಬರೆಯಬೇಕಾಗಿಲ್ಲ. ಗದಗದ ಡೀಲರ್ ಲೆಕ್ಕ ಸರಿಹೊಂದಿದೆ. ಸೋಮವಾರ ಬೆಳಿಗ್ಗೆ ಸ್ಟೇಟ್‌ಮೆಂಟ್ ತರುತ್ತೇನೆ.

ಮಂಜುಳಾ
ಬಿಲ್ಲಿಂಗ್, ಹುಬ್ಬಳ್ಳಿ ಬ್ರಾಂಚ್