ಗ್ರಂಥಾಲಯದ ಪುಸ್ತಕ ಸೂಚಿಯನ್ನು ವಿಷಯ ಮತ್ತು ಲೇಖಕರ ಕ್ರಮಕ್ಕೆ ಬದಲಿಸುವ ಕುರಿತು ಮನವಿ

ದಿನಾಂಕ: 18-03-2025
ಹಾಸನ

ಗೆ,
ಪ್ರಾಂಶುಪಾಲರು
ನಮ್ಮ ಶಾಲೆ, ಹಾಸನ

ಇಂದ,
ಗ್ರಂಥಪಾಲಕಿ
ಶಾಲಾ ಗ್ರಂಥಾಲಯ

ಮಾನ್ಯರೇ,

ಕಳೆದ ತಿಂಗಳು ಒಂಬತ್ತನೇ ತರಗತಿಯ ವಿದ್ಯಾರ್ಥಿನಿಯೊಬ್ಬಳು ಹೊಯ್ಸಳರ ಬಗ್ಗೆ ಯೋಜನಾ ಕಾರ್ಯ ಬರೆಯಲು ಪುಸ್ತಕ ಕೇಳಿಕೊಂಡು ಬಂದಳು. ಬೇಲೂರು, ಹಳೇಬೀಡು ಮತ್ತು ಸೋಮನಾಥಪುರದ ದೇವಾಲಯಗಳು 2023ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಮೇಲೆ ಈ ವಿಷಯವನ್ನು ಆರಿಸಿಕೊಳ್ಳುವ ಮಕ್ಕಳು ಹೆಚ್ಚಾಗಿದ್ದಾರೆ. ನಮ್ಮ ಸೂಚಿ ಎಂದರೆ ಪುಸ್ತಕ ಶಾಲೆಗೆ ಬಂದ ಕ್ರಮದಲ್ಲಿ ದಾಖಲಾತಿ ಸಂಖ್ಯೆ ಕೊಟ್ಟು ಬರೆದಿರುವ ಮೂರು ದಪ್ಪ ವಹಿಗಳು. ಆ ಹುಡುಗಿ ಮೊದಲ ವಹಿಯ ಪುಟಗಳ ಮೇಲೆ ಬೆರಳಿಟ್ಟು ಸಾಲು ಸಾಲಾಗಿ ಓದುತ್ತಾ ಬಂದಳು. ಊಟದ ಬಿಡುವು ಮುಗಿದು ಗಂಟೆ ಹೊಡೆದಾಗ ಅವಳಿನ್ನೂ ನಲವತ್ತನೆಯ ಪುಟದಲ್ಲಿದ್ದಳು. ನನಗೆ ನೆನಪಿದ್ದ ಒಂದು ಪುಸ್ತಕವನ್ನು ಹುಡುಕಿ ಕೊಟ್ಟು, ಇಷ್ಟೇ ಇರುವುದು ಎಂದು ಕಳುಹಿಸಿಬಿಟ್ಟೆ.

ಮುಂದಿನ ವಾರ ಪುಸ್ತಕಗಳ ಲೆಕ್ಕ ತಾಳೆ ನೋಡುವಾಗ ಅದೇ ವಿಷಯದ ಇನ್ನೂ ನಾಲ್ಕು ಪುಸ್ತಕಗಳು ಸಿಕ್ಕವು. ಒಂದು ಕಿಟಕಿ ಪಕ್ಕದ ಬೀರುವಿನಲ್ಲಿ ಗಣಿತದ ಪುಸ್ತಕಗಳ ನಡುವೆ ಇತ್ತು, ಎರಡು ದಾನವಾಗಿ ಬಂದ ಪುಸ್ತಕಗಳ ಸಾಲಿನಲ್ಲಿದ್ದವು, ಮತ್ತೊಂದು ಕಾದಂಬರಿಗಳ ಹಿಂದೆ ಅಡಗಿತ್ತು. ಶಾಲೆ ಹಣ ಕೊಟ್ಟು ತಂದ ಪುಸ್ತಕ ಶಾಲೆಯೊಳಗೇ ಇದ್ದೂ ಮಗುವಿನ ಕೈಗೆ ಸಿಗಲಿಲ್ಲ. ಅದು ನನ್ನ ತಪ್ಪು ಎಂದೇ ನನಗೆ ಅನಿಸಿದೆ. ಆದ್ದರಿಂದಲೇ ಈ ಮನವಿ.

ನಮ್ಮಲ್ಲಿರುವ 4,260 ಪುಸ್ತಕಗಳನ್ನು ಮೊದಲು ವಿಷಯದಂತೆ, ಆಮೇಲೆ ಆ ವಿಷಯದೊಳಗೆ ಲೇಖಕರ ಹೆಸರಿನ ಅಕಾರಾದಿ ಕ್ರಮದಲ್ಲಿ ಜೋಡಿಸಲು, ಸೂಚಿಯನ್ನೂ ಅದೇ ಕ್ರಮದಲ್ಲಿ ಹೊಸದಾಗಿ ಸಿದ್ಧಪಡಿಸಲು ತಮ್ಮ ಅನುಮತಿ ಕೋರುತ್ತೇನೆ.

ಬರೀ ಲೇಖಕರ ಕ್ರಮ ಸಾಲದೇ ಎಂದು ತಾವು ಕೇಳಬಹುದು. ಪೂರ್ಣಚಂದ್ರ ತೇಜಸ್ವಿಯವರನ್ನೇ ನೋಡಿ. ಅವರು ಕಾದಂಬರಿ ಬರೆದಿದ್ದಾರೆ, ಹಕ್ಕಿಗಳ ಬಗ್ಗೆಯೂ ಬರೆದಿದ್ದಾರೆ. ಹಕ್ಕಿ ಗುರುತಿಸಲು ಬಯಸುವ ಹುಡುಗನಿಗೆ ಅವರ ಹಕ್ಕಿ ಪುಸ್ತಕದ ಪಕ್ಕದಲ್ಲಿ ಬೇರೆಯವರು ಬರೆದ ಹಕ್ಕಿ ಪುಸ್ತಕವೂ ಕಾಣಿಸಬೇಕು. ‘ಕರ್ವಾಲೊ’ದಲ್ಲಿ ಹಾರುವ ಓತಿಯ ಹುಡುಕಾಟವಿದ್ದರೂ ಅದು ಕಾದಂಬರಿಯ ಸಾಲಿನಲ್ಲೇ ಇರಬೇಕು. ಹಾಗೆಂದು ವಿಷಯವೊಂದನ್ನೇ ನೆಚ್ಚಿದರೆ ಕನ್ನಡ ಕಾದಂಬರಿಗಳ ಆರುನೂರು ಪುಸ್ತಕಗಳು ಒಂದೇ ರಾಶಿಯಾಗುತ್ತವೆ. ಅಲ್ಲಿ ಲೇಖಕರ ಹೆಸರೇ ದಾರಿ ತೋರಿಸಬೇಕು.

ವಿಷಯ ವಿಂಗಡಣೆಗೆ ಮೆಲ್ವಿಲ್ ಡ್ಯೂಯಿ 1876ರಲ್ಲಿ ಪ್ರಕಟಿಸಿದ ದಶಮಾಂಶ ಪದ್ಧತಿಯನ್ನೇ ಬಳಸಬಹುದು. ನಮ್ಮ ಮಕ್ಕಳು ಮುಂದೆ ಕಾಲೇಜಿನ ಗ್ರಂಥಾಲಯಕ್ಕೆ ಹೋದಾಗಲೂ ಈ ಸಂಖ್ಯೆಗಳ ಪರಿಚಯ ಉಪಯೋಗಕ್ಕೆ ಬರುತ್ತದೆ. ವಿಜ್ಞಾನಕ್ಕೆ 500, ಹಕ್ಕಿಗಳಿಗೆ 598, ಭಾರತದ ಇತಿಹಾಸಕ್ಕೆ 954. ಆದರೆ ಕನ್ನಡ ಕಾದಂಬರಿಗೆ ಇದೇ ಪದ್ಧತಿಯಲ್ಲಿ 894.8143 ಎಂದು ಬರುತ್ತದೆ. ಆರನೇ ತರಗತಿಯ ಮಗುವಿಗೆ ಇದು ಭಾರವಾಯಿತು. ಹಾಗಾಗಿ ಕನ್ನಡ ಸಾಹಿತ್ಯಕ್ಕೆ ಸಂಖ್ಯೆಯನ್ನು ಬಿಟ್ಟು ಕಾದಂಬರಿ, ಕಥೆ, ಕವಿತೆ, ನಾಟಕ ಎಂದು ನೇರವಾಗಿ ಬರೆದು, ಅದರ ಕೆಳಗೆ ಲೇಖಕರ ಹೆಸರಿನ ಮೊದಲ ಎರಡು ಅಕ್ಷರಗಳನ್ನು ಹಾಕುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ. ಉಳಿದ ವಿಷಯಗಳಿಗೆ ಮೂರಂಕಿ ಸಾಕು.

ಪದ್ಧತಿಯನ್ನು ಕಣ್ಣುಮುಚ್ಚಿ ಅನುಸರಿಸಿದರೆ ಹೊಯ್ಸಳರ ಪುಸ್ತಕಗಳು ಮತ್ತೆ ಚದುರುತ್ತವೆ ಎಂಬುದನ್ನೂ ತಮಗೆ ಹೇಳಬೇಕು. ದೇವಾಲಯದ ವಾಸ್ತುಶಿಲ್ಪ 726ರಲ್ಲಿ ಬಂದರೆ, ಆ ದೇವಾಲಯ ಕಟ್ಟಿಸಿದ ಅರಸರ ಚರಿತ್ರೆ 954ಕ್ಕೆ ಹೋಗುತ್ತದೆ. ಬೇಲೂರಿನ ಗುಡಿಯ ಪುಸ್ತಕ ಒಂದು ಬೀರುವಿನಲ್ಲಿ, ವಿಷ್ಣುವರ್ಧನನ ಪುಸ್ತಕ ಇನ್ನೊಂದರಲ್ಲಿ! ಹಾಸನದ ಶಾಲೆಯಲ್ಲಿ ಹೀಗಾಗಬಾರದು. ನಮ್ಮ ಜಿಲ್ಲೆ ಮತ್ತು ಕರ್ನಾಟಕದ ಚರಿತ್ರೆ, ಶಿಲ್ಪಕಲೆಗಳನ್ನೆಲ್ಲ ಒಂದೇ ಕಡೆ 954ರಲ್ಲಿ ಇಟ್ಟು, 726ರ ಜಾಗದಲ್ಲಿ ‘954 ನೋಡಿ’ ಎಂಬ ಚೀಟಿ ಹಾಕುವುದು ಸರಿ. ಇಂಥ ತೀರ್ಮಾನಗಳನ್ನು ಬರೆದಿಡಲು ಒಂದು ಪುಟ್ಟ ನೋಟ್‌ಪುಸ್ತಕ ತೆರೆಯುತ್ತೇನೆ. ನನ್ನ ನಂತರ ಬರುವವರೂ ಅದೇ ನಿಯಮ ಹಿಡಿಯಬೇಕಲ್ಲವೇ.

ಲೇಖಕರ ಹೆಸರಿನ ವಿಚಾರ ಇದಕ್ಕಿಂತ ತೊಡಕಿನದು. ಇನಿಷಿಯಲ್ ಹಿಡಿದು ಜೋಡಿಸಿದರೆ ಕೆ, ಎಸ್, ಎಂ, ಎಚ್ ಅಕ್ಷರಗಳಲ್ಲೇ ಅರ್ಧ ಗ್ರಂಥಾಲಯ ತುಂಬುತ್ತದೆ. ನಮ್ಮ ವಹಿಗಳಲ್ಲಿ ಗೊರೂರರ ಹೆಸರು ಒಂದು ಕಡೆ ‘ಗೊರೂರು’, ಮತ್ತೊಂದು ಕಡೆ ‘ರಾಮಸ್ವಾಮಿ ಅಯ್ಯಂಗಾರ್’, ಇನ್ನೊಂದು ಕಡೆ ‘ಜಿ. ರಾಮಸ್ವಾಮಿ’ ಎಂದಿದೆ. ಒಬ್ಬರೇ ಲೇಖಕರು ಮೂವರಾಗಿದ್ದಾರೆ, ಅದೂ ನಮ್ಮ ಜಿಲ್ಲೆಯವರೇ. ಓದುಗರ ಬಾಯಲ್ಲಿರುವ ಹೆಸರನ್ನೇ ಮುಖ್ಯವಾಗಿಟ್ಟುಕೊಂಡು, ಬೇರೆ ರೂಪಗಳಿಗೆ ಸೂಚನೆ ಕೊಡಬೇಕು: ‘ಪುಟ್ಟಪ್ಪ ಕೆ.ವಿ. – ಕುವೆಂಪು ನೋಡಿ’ ಎಂಬಂತೆ.

ದಾಖಲಾತಿ ಸಂಖ್ಯೆಗಳನ್ನು ನಾನು ಮುಟ್ಟುವುದಿಲ್ಲ. ಲೆಕ್ಕಪರಿಶೋಧನೆಗೆ ಬೇಕಾಗುವ ಮೂಲ ವಹಿಗಳು ಈಗಿರುವಂತೆಯೇ ಮುಂದುವರಿಯುತ್ತವೆ. ಹೊಸ ಸೂಚಿಯನ್ನು ಕಚೇರಿಯ ಕಂಪ್ಯೂಟರಿನಲ್ಲಿ ಮಾಡಿ ಪ್ರತಿ ಪುಸ್ತಕದ ಎದುರು ಹಳೆಯ ಸಂಖ್ಯೆಯನ್ನೂ ನಮೂದಿಸುತ್ತೇನೆ. ಒಂದು ಎಚ್ಚರಿಕೆ ಅಗತ್ಯ. ಹಿಂದೆ ಟೈಪ್ ಮಾಡಿಟ್ಟ ಸುಮಾರು ಒಂಬೈನೂರು ಹೆಸರುಗಳು ಯೂನಿಕೋಡ್ ಅಲ್ಲದ ಹಳೆಯ ನುಡಿ ಅಕ್ಷರಗಳಲ್ಲಿವೆ. ಪರದೆಯ ಮೇಲೆ ಕನ್ನಡವಾಗಿ ಕಂಡರೂ ಕಂಪ್ಯೂಟರಿನ ಪಾಲಿಗೆ ಅವು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳೇ. ಆದ್ದರಿಂದ ಅಕಾರಾದಿಯಾಗಿ ಜೋಡಿಸು ಎಂದರೆ ಎಲ್ಲ ಕಲಸಿಹೋಗುತ್ತದೆ. ಅವನ್ನು ಮೊದಲು ಯೂನಿಕೋಡಿಗೆ ಪರಿವರ್ತಿಸಿ, ಕಾಗುಣಿತ ತಿದ್ದಿದ ಮೇಲೆಯೇ ಮುಂದಿನ ಕೆಲಸ.

ಬೇಸಿಗೆ ರಜೆ ಇದಕ್ಕೆ ತಕ್ಕ ಸಮಯ. ದಿನಕ್ಕೆ 120 ಪುಸ್ತಕಗಳಂತೆ ಮಾಡಿದರೆ 36 ದಿನ ಬೇಕು. ರಜೆಯಲ್ಲಿ ಬಂದು ಕೆಲಸ ಮಾಡಲು ನಾನು ಸಿದ್ಧಳಿದ್ದೇನೆ. ಬೀರುಗಳನ್ನು ಖಾಲಿ ಮಾಡುವ ಮೊದಲ ಎರಡು ದಿನ ಮತ್ತು ಮತ್ತೆ ತುಂಬಿಸುವ ಕೊನೆಯ ಎರಡು ದಿನ ಮಾತ್ರ ಇಬ್ಬರು ಅಟೆಂಡರುಗಳ ನೆರವು ಬೇಕಾಗುತ್ತದೆ. ಪುಸ್ತಕದ ಬೆನ್ನಿಗೆ ಅಂಟಿಸಲು ಹಾಳೆಗೆ 65 ಚೀಟಿಗಳಿರುವ 66 ಲೇಬಲ್ ಹಾಳೆಗಳು, ಅವು ಕಿತ್ತು ಬರದಂತೆ ಮೇಲೆ ಹಾಕಲು ಪಾರದರ್ಶಕ ಟೇಪು ಬೇಕು. ಎಲ್ಲ ಸೇರಿ 2,500 ರೂಪಾಯಿಯೊಳಗೆ ಆಗುತ್ತದೆ. ಏಪ್ರಿಲ್ ಮೊದಲ ವಾರದೊಳಗೆ ಮಕ್ಕಳು ಮತ್ತು ಶಿಕ್ಷಕರು ಎಲ್ಲ ಪುಸ್ತಕಗಳನ್ನು ಹಿಂದಿರುಗಿಸುವಂತೆ ತಮ್ಮಿಂದ ಒಂದು ಸುತ್ತೋಲೆ ಹೊರಟರೆ ದೊಡ್ಡ ಉಪಕಾರ.

ಗ್ರಂಥಾಲಯ ವಿಜ್ಞಾನದ ಪಿತಾಮಹ ಎಸ್.ಆರ್. ರಂಗನಾಥನ್ 1931ರಲ್ಲಿ ಮುಂದಿಟ್ಟ ಐದು ಸೂತ್ರಗಳಲ್ಲಿ ಓದುಗನ ಸಮಯ ಉಳಿಸಬೇಕೆಂಬುದೂ ಒಂದು. ತರಬೇತಿಯ ದಿನಗಳಲ್ಲಿ ಪರೀಕ್ಷೆಗಾಗಿ ಅದನ್ನು ಬಾಯಿಪಾಠ ಮಾಡಿದ್ದೆ. ವಹಿಯ ಮೇಲೆ ಬೆರಳಿಟ್ಟು ನಿಂತಿದ್ದ ಆ ಹುಡುಗಿಯನ್ನು ಕಂಡ ದಿನ ಅದರ ಅರ್ಥ ನನಗೆ ಸರಿಯಾಗಿ ತಿಳಿಯಿತು.

ಮಾದರಿಗೆಂದು ಬಾಗಿಲ ಪಕ್ಕದ ಒಂದು ಬೀರುವನ್ನು, ಒಟ್ಟು 112 ಪುಸ್ತಕಗಳನ್ನು, ಈ ಕ್ರಮದಲ್ಲಿ ಜೋಡಿಸಿಟ್ಟಿದ್ದೇನೆ. ಹೊಯ್ಸಳರ ಐದೂ ಪುಸ್ತಕಗಳು ಈಗ ಅಲ್ಲಿ ಒಟ್ಟಿಗಿವೆ. ಆ ಹುಡುಗಿಯನ್ನು ಕರೆದು ತೋರಿಸಿದೆ, ಅವಳು ಎರಡನ್ನು ತೆಗೆದುಕೊಂಡು ಹೋದಳು. ಶನಿವಾರ ಬೆಳಗಿನ ತರಗತಿ ಮುಗಿದ ಮೇಲೆ ತಾವು ಒಮ್ಮೆ ಬಂದು ನೋಡಿ, ತಮಗೆ ತೋರಿದ ಬದಲಾವಣೆ ತಿಳಿಸಿ ಅನುಮತಿ ನೀಡಬೇಕೆಂದು ಕೋರುತ್ತೇನೆ.

ವಂದನೆಗಳೊಂದಿಗೆ,

ತಮ್ಮ ವಿಶ್ವಾಸಿ,
ಗ್ರಂಥಪಾಲಕಿ