ಗಂಟಲು ನೋವು: ಮನೆಯಲ್ಲಿ ಏನು ಮಾಡಬೇಕು, ಆಸ್ಪತ್ರೆಗೆ ಯಾವಾಗ ಹೋಗಬೇಕು

ಅಮ್ಮಂದಿರಿಗೂ ಅಕ್ಕ-ತಂಗಿಯರಿಗೂ ನಮಸ್ಕಾರ. ಸಂಘದ ಲೆಕ್ಕ ಮುಗಿಸಿ, ಮನೆಯಲ್ಲಿ ಕೆಲಸ ಕಾದಿದ್ದರೂ ಕೂತಿದ್ದೀರಿ. ಹೆಚ್ಚು ಹೊತ್ತು ಹಿಡಿಯುವುದಿಲ್ಲ. ಶಾಲೆ ಮಕ್ಕಳಲ್ಲಿ ಗಂಟಲು ನೋವು ಜಾಸ್ತಿಯಾಗಿದೆ, ಅದರ ಬಗ್ಗೆ ಹೇಳಿ ಎಂದು ಹೋದ ಸಭೆಯಲ್ಲಿ ನೀವೇ ಕೇಳಿದ್ದಿರಿ.

ಗಂಟಲು ನೋವಿನಲ್ಲಿ ಹೆಚ್ಚಿನವು ವೈರಸ್‌ನಿಂದ ಬರುವಂಥವು. ನೆಗಡಿ ತರುವ ವೈರಸ್ಸೇ ಗಂಟಲನ್ನೂ ಕೆರಳಿಸುತ್ತದೆ. ಮೊದಲ ಎರಡು ಮೂರು ದಿನ ನೋವು ಜೋರಾಗಿರುತ್ತದೆ, ಆಮೇಲೆ ಇಳಿಯುತ್ತಾ ಬಂದು ವಾರದೊಳಗೆ ತಾನಾಗಿಯೇ ವಾಸಿಯಾಗುತ್ತದೆ. ಇದಕ್ಕೆ ಆಂಟಿಬಯೋಟಿಕ್ ಬೇಕಿಲ್ಲ. ಆ ಮಾತ್ರೆ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ, ವೈರಸ್‌ಗೆ ಏನೂ ಮಾಡುವುದಿಲ್ಲ. ಸುಮ್ಮನೆ ತಿಂದರೆ ಭೇದಿಯಾಗಬಹುದು, ಮೈಮೇಲೆ ಗುಳ್ಳೆ ಏಳಬಹುದು. ಪದೇ ಪದೇ ಹೀಗೆ ತಿನ್ನುತ್ತಿದ್ದರೆ ನಿಜವಾಗಿ ಬೇಕಾದ ಹೊತ್ತಿಗೆ ಆ ಔಷಧಿ ಕೆಲಸ ಮಾಡದೆ ಹೋಗಬಹುದು. ಹೋದ ಸಲ ಉಳಿದ ಮಾತ್ರೆ, ಪಕ್ಕದ ಮನೆಯವರು ಕೊಟ್ಟ ಮಾತ್ರೆ, ಔಷಧಿ ಅಂಗಡಿಯಲ್ಲಿ "ಗಂಟಲು ನೋವಿಗೆ ಏನಾದರೂ ಕೊಡಿ" ಎಂದು ಕೇಳಿ ತಂದ ಮಾತ್ರೆ, ಇವು ಮೂರೂ ಬೇಡ.

ಹಾಗಾದರೆ ಮನೆಯಲ್ಲಿ ಏನು ಮಾಡಬೇಕು? ಉಪ್ಪು ನೀರಿನಿಂದ ಶುರು ಮಾಡೋಣ. ಒಂದು ದೊಡ್ಡ ಲೋಟ ಉಗುರು ಬೆಚ್ಚಗಿನ ನೀರಿಗೆ ಅರ್ಧ ಟೀ ಚಮಚ ಉಪ್ಪು ಹಾಕಿ ಕರಗಿಸಿ. ಒಂದು ಗುಟುಕು ಬಾಯಿಗೆ ಹಾಕಿಕೊಂಡು, ತಲೆ ಹಿಂದಕ್ಕೆ ವಾಲಿಸಿ, ನೀರು ಗಂಟಲ ಹತ್ತಿರ ಗಳಗಳ ಎನ್ನುವಂತೆ ಮಾಡಿ ಉಗಿಯಿರಿ. ಲೋಟ ಖಾಲಿಯಾಗುವ ತನಕ ಹೀಗೇ ಮಾಡಿ. ದಿನಕ್ಕೆ ಮೂರು ನಾಲ್ಕು ಸಲ ಸಾಕು. ಇದು ರೋಗಾಣುವನ್ನು ಓಡಿಸುವುದಿಲ್ಲ, ಆದರೆ ಊತದ ಬಿಗಿತ ಸ್ವಲ್ಪ ಸಡಿಲವಾಗಿ ಹಿತವೆನಿಸುತ್ತದೆ. ಬಾಯಿ ಮುಕ್ಕಳಿಸಿ ಉಗಿಯಲು ಬಾರದ ಚಿಕ್ಕ ಮಕ್ಕಳಿಗೆ ಇದನ್ನು ಮಾಡಿಸಬೇಡಿ, ನೀರು ಶ್ವಾಸಕ್ಕೆ ಹೋಗುತ್ತದೆ.

ಬೆಚ್ಚಗಿನ ನೀರು, ಬೆಚ್ಚಗಿನ ಗಂಜಿ ಸ್ವಲ್ಪ ಸ್ವಲ್ಪವಾಗಿ ಆಗಾಗ ಕೊಡುತ್ತಿರಿ. ಕೆಲವು ಮಕ್ಕಳಿಗೆ ತಣ್ಣಗಿನದೇ ಹಿತವೆನಿಸುತ್ತದೆ. ಕೊಟ್ಟರೆ ತಪ್ಪಿಲ್ಲ, ಅದರಿಂದ ಗಂಟಲು ಕೆಡುವುದಿಲ್ಲ. ಒಂದು ಚಮಚ ಜೇನುತುಪ್ಪ ಕೆಮ್ಮನ್ನೂ ಗಂಟಲ ಕೆರೆತವನ್ನೂ ಕಡಿಮೆ ಮಾಡುತ್ತದೆ. ಆದರೆ ಒಂದು ವರ್ಷ ತುಂಬದ ಕೂಸಿಗೆ ಜೇನು ನೆಕ್ಕಿಸಲೇಬಾರದು. ಜೇನಿನಲ್ಲಿರಬಹುದಾದ ಒಂದು ಬಗೆಯ ರೋಗಾಣು ಎಳೆಗೂಸಿನ ಕರುಳಲ್ಲಿ ಬೆಳೆದು ವಿಷ ಬಿಡುತ್ತದೆ, ಕೂಸಿನ ಕೈಕಾಲು ಸೋತು ಉಸಿರಿಗೇ ಕಷ್ಟವಾಗಬಹುದು. ಅಜ್ಜಿಯಂದಿರು ಪ್ರೀತಿಯಿಂದಲೇ ಕೊಡುತ್ತಾರೆ, ಅವರಿಗೆ ಕೂರಿಸಿಕೊಂಡು ಹೇಳಿ.

ನೋವಿಗೂ ಜ್ವರಕ್ಕೂ ಪ್ಯಾರಾಸಿಟಮಾಲ್ ಸಾಕು. ಇಲ್ಲಿ ಮೇಜಿನ ಮೇಲೆ ಎರಡು ಬಾಟಲಿ ಇಟ್ಟಿದ್ದೇನೆ, ಮುಂದೆ ಕೂತವರು ಕೈಗೆ ತೆಗೆದುಕೊಂಡು ನೋಡಿ. ಎರಡೂ ಪ್ಯಾರಾಸಿಟಮಾಲ್ ಸಿರಪ್ಪೇ. ಇದರ ಮೇಲೆ 5 ಎಂಎಲ್‌ಗೆ 125 ಎಂಜಿ ಎಂದಿದೆ, ಇನ್ನೊಂದರ ಮೇಲೆ 5 ಎಂಎಲ್‌ಗೆ 250 ಎಂಜಿ. ಅಂದರೆ ಎರಡನೆಯದು ಎರಡರಷ್ಟು ಗಟ್ಟಿ. ಮಗುವಿಗೆ ಒಂದು ಸಲಕ್ಕೆ ಕೊಡುವ ಪ್ರಮಾಣ ಅದರ ತೂಕದ ಕಿಲೋಗೆ ಹೆಚ್ಚೆಂದರೆ 15 ಎಂಜಿ. 12 ಕಿಲೋ ತೂಗುವ ಮಗುವಿಗೆ ಮೊದಲ ಬಾಟಲಿಯಿಂದ ಸುಮಾರು 7 ಎಂಎಲ್, ಎರಡನೆಯದರಿಂದ ಮೂರೂವರೆ ಎಂಎಲ್. ಹೋದ ಸಲ 7 ಎಂಎಲ್ ಕೊಟ್ಟಿದ್ದೆವು ಎಂದು ಗಟ್ಟಿ ಬಾಟಲಿಯಿಂದಲೂ ಅಷ್ಟೇ ಕೊಟ್ಟರೆ ಮಗುವಿಗೆ ದುಪ್ಪಟ್ಟು ಔಷಧಿ ಹೋಗುತ್ತದೆ, ಲಿವರ್‌ಗೆ ಪೆಟ್ಟು. ಡ್ರಾಪ್ಸ್ ಇನ್ನೂ ಗಟ್ಟಿ. ಆದ್ದರಿಂದ ಬಾಟಲಿಯ ಮೇಲಿನ ಅಂಕಿ ಓದದೆ ಅಳೆಯಬೇಡಿ. ಅಡುಗೆ ಮನೆಯ ಚಮಚದಲ್ಲೂ ಬೇಡ, ಬಾಟಲಿಯ ಜೊತೆ ಬರುವ ಅಳತೆ ಮುಚ್ಚಳವನ್ನೇ ಬಳಸಿ. ಎರಡು ಡೋಸ್ ನಡುವೆ ಕಡಿಮೆ ಎಂದರೂ ನಾಲ್ಕು ಗಂಟೆ ಬಿಡಿ, ದಿನಕ್ಕೆ ನಾಲ್ಕು ಸಲ ಮೀರಬೇಡಿ. ಮಕ್ಕಳಿಗೆ ಆಸ್ಪಿರಿನ್ ಕೊಡಬಾರದು. ಪುಟ್ಟ ಮಕ್ಕಳಿಗೆ ನೆಗಡಿ-ಕೆಮ್ಮಿನ ಸಿರಪ್ ನೀವೇ ತಂದು ಕುಡಿಸಬೇಡಿ. ಅವುಗಳಲ್ಲಿ ಕೆಲವದರಲ್ಲಿ ಪ್ಯಾರಾಸಿಟಮಾಲ್ ಕೂಡ ಸೇರಿರುತ್ತದೆ, ಎರಡೂ ಕೊಟ್ಟರೆ ಮತ್ತೆ ಡೋಸ್ ಹೆಚ್ಚಾಗುತ್ತದೆ.

ಇನ್ನು ಕೆಲವು ಮಾಡಬಾರದ್ದು. ಕುದಿಯುವ ಪಾತ್ರೆಯ ಮುಂದೆ ಮಗುವನ್ನು ಕೂರಿಸಿ ಹಬೆ ಕೊಡಿಸಬೇಡಿ. ಪಾತ್ರೆ ಮಗುಚಿ ತೊಡೆ, ಹೊಟ್ಟೆ ಸುಟ್ಟುಕೊಂಡ ಮಕ್ಕಳನ್ನು ನೋಡಿದ್ದೇನೆ, ಆ ನೋವಿನ ಮುಂದೆ ಗಂಟಲು ನೋವು ಏನೂ ಅಲ್ಲ. ಕಿರುನಾಲಿಗೆ ಇಳಿದಿದೆ ಎಂದು ಬೆರಳು ಹಾಕಿ ಒತ್ತಿಸುವುದೂ ಬೇಡ. ಊದಿದ ಜಾಗಕ್ಕೆ ಗಾಯವಾಗುತ್ತದೆ, ಸೋಂಕು ಒಳಗೆ ಇಳಿಯುತ್ತದೆ. ಒಲೆಯ ಹೊಗೆಯೂ ಬೀಡಿಯ ಹೊಗೆಯೂ ಗಂಟಲನ್ನು ಇನ್ನಷ್ಟು ಕೆರಳಿಸುತ್ತವೆ. ನೋವಿದ್ದವರನ್ನು ಅಡುಗೆ ಮಾಡುವ ಹೊತ್ತಿಗೆ ಒಲೆಯ ಹತ್ತಿರ ಮಲಗಿಸಬೇಡಿ.

ಈಗ ಬಹಳ ಮುಖ್ಯವಾದದ್ದಕ್ಕೆ ಬರುತ್ತೇನೆ. 5ರಿಂದ 15 ವರ್ಷದ ಮಕ್ಕಳ ಗಂಟಲು ನೋವಿಗೆ ಕೆಲವೊಮ್ಮೆ ಸ್ಟ್ರೆಪ್ಟೊಕಾಕಸ್ ಎಂಬ ಬ್ಯಾಕ್ಟೀರಿಯಾ ಕಾರಣ. ಇದು ಇದ್ದಕ್ಕಿದ್ದಂತೆ ಬರುತ್ತದೆ. ಬೆಳಿಗ್ಗೆ ಆಡುತ್ತಿದ್ದ ಮಗು ಸಂಜೆಗೆ ಜ್ವರದಿಂದ ಮಲಗಿರುತ್ತದೆ, ಎಂಜಲು ನುಂಗಿದರೂ ಅಳುತ್ತದೆ. ದವಡೆಯ ಕೆಳಗೆ ಕುತ್ತಿಗೆಯ ಮುಂಭಾಗದಲ್ಲಿ ಗಂಟು ಕೈಗೆ ಸಿಗುತ್ತದೆ, ಮುಟ್ಟಿದರೆ ನೋವು. ಟಾರ್ಚ್ ಬಿಟ್ಟು ನೋಡಿದರೆ ಟಾನ್ಸಿಲ್ ಕೆಂಪಾಗಿ ಊದಿ, ಮೇಲೆ ಬಿಳಿ ಚುಕ್ಕೆಯೋ ಕೀವೋ ಕಾಣಬಹುದು. ಗಮನಿಸಬೇಕಾದ ಇನ್ನೊಂದು ಸಂಗತಿ, ಇಂಥ ಮಗುವಿಗೆ ಸಾಮಾನ್ಯವಾಗಿ ನೆಗಡಿ, ಕೆಮ್ಮು ಇರುವುದಿಲ್ಲ. ಮೂಗು ಸೋರಿ, ಕೆಮ್ಮಿ, ಧ್ವನಿ ಒಡೆದಿದ್ದರೆ ಅದು ಹೆಚ್ಚಾಗಿ ವೈರಸ್ಸೇ. ನೆಗಡಿಯಿಲ್ಲದೆ ಜ್ವರ ಮತ್ತು ಜೋರಾದ ಗಂಟಲು ನೋವು ಇದ್ದರೆ ಮಗುವನ್ನು ಒಂದೆರಡು ದಿನದೊಳಗೆ ಡಾಕ್ಟರಿಗೆ ತೋರಿಸಿ.

ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ. ಈ ಗಂಟಲು ನೋವೂ ಔಷಧಿಯಿಲ್ಲದೆಯೇ ಇಳಿಯುತ್ತದೆ, ಮನೆಯವರು ವಾಸಿಯಾಯಿತು ಎಂದುಕೊಳ್ಳುತ್ತಾರೆ. ಆದರೆ ಕೆಲವು ಮಕ್ಕಳಲ್ಲಿ ಎರಡು ಮೂರು ವಾರ ಕಳೆದ ಮೇಲೆ ಮತ್ತೆ ಜ್ವರ ಬರುತ್ತದೆ, ಮೊಣಕಾಲು ಊದುತ್ತದೆ, ನೋವು ಒಂದು ಕೀಲಿನಿಂದ ಇನ್ನೊಂದಕ್ಕೆ ಹೋಗುತ್ತದೆ. ಇದು ರುಮ್ಯಾಟಿಕ್ ಜ್ವರ. ರೋಗಾಣುವಿನ ಮೇಲೆ ಹೋರಾಡಲು ಎದ್ದ ಶರೀರದ ಶಕ್ತಿ ದಾರಿ ತಪ್ಪಿ ತನ್ನದೇ ಕೀಲು, ತನ್ನದೇ ಹೃದಯದ ಕವಾಟಗಳನ್ನು ಕೆಡಿಸುತ್ತದೆ. ಕೀಲು ಸರಿಹೋಗುತ್ತದೆ, ಕವಾಟ ಹಾಗಲ್ಲ. ಎಷ್ಟೋ ಹೆಣ್ಣುಮಕ್ಕಳಿಗೆ ಇದು ಗೊತ್ತಾಗುವುದೇ ಬಸಿರಾದಾಗ. ಆಗ ಹೃದಯದ ಕೆಲಸ ಹೆಚ್ಚಿ, ನಾಲ್ಕು ಹೆಜ್ಜೆ ನಡೆದರೂ ಏದುಸಿರು ಬರುತ್ತದೆ, ರಾತ್ರಿ ಮಲಗಲಾಗುವುದಿಲ್ಲ. ಗಂಟಲು ನೋವು ಬಂದ ಒಂಬತ್ತು ದಿನದೊಳಗೆ ಸರಿಯಾದ ಆಂಟಿಬಯೋಟಿಕ್ ಶುರುವಾದರೆ ರುಮ್ಯಾಟಿಕ್ ಜ್ವರವನ್ನು ತಡೆಯಬಹುದು. ಡಾಕ್ಟರ್ 10 ದಿನದ ಮಾತ್ರೆ ಬರೆದರೆ 10 ದಿನವೂ ಕೊಡಿ. ಮೂರನೇ ದಿನಕ್ಕೆ ಮಗು ಎದ್ದು ಓಡಾಡಲು ಶುರು ಮಾಡಿದಾಗಲೇ ಮನೆಯಲ್ಲಿ ಮಾತ್ರೆ ಮರೆತುಹೋಗುವುದು. ನಿಮ್ಮಲ್ಲಿ ಯಾರ ಮಗುವಿಗಾದರೂ ಈಗಾಗಲೇ ಈ ಕಾಯಿಲೆಗಾಗಿ ಮೂರು ನಾಲ್ಕು ವಾರಕ್ಕೊಮ್ಮೆ ಪೆನಿಸಿಲಿನ್ ಇಂಜೆಕ್ಷನ್ ನಡೆಯುತ್ತಿದ್ದರೆ, ಒಂದನ್ನೂ ತಪ್ಪಿಸಬೇಡಿ, ದಯವಿಟ್ಟು.

ಹೊತ್ತು, ರಾತ್ರಿ ನೋಡದೆ ಕೂಡಲೇ ಹೊರಡಬೇಕಾದ ಲಕ್ಷಣಗಳೂ ಇವೆ. ಉಸಿರಾಡಲು ಕಷ್ಟ, ಉಸಿರು ಎಳೆಯುವಾಗ ಗೊರಗೊರ ಅಥವಾ ಸುಂಯ್ ಎನ್ನುವ ಶಬ್ದ. ಎಂಜಲು ನುಂಗಲಾಗದೆ ಜೊಲ್ಲು ಸುರಿಯುವುದು. ಬಾಯಿ ತೆರೆಯಲಾಗದಿರುವುದು, ಬಿಸಿ ತುತ್ತು ಬಾಯಲ್ಲಿಟ್ಟುಕೊಂಡವರ ಹಾಗೆ ಮಾತು ತೊದಲುವುದು. ಒಂದು ಪಕ್ಕದಲ್ಲಿ ಕೀವು ತುಂಬಿದರೆ ಹೀಗಾಗುತ್ತದೆ. ಕುತ್ತಿಗೆ ಸೆಟೆದುಕೊಳ್ಳುವುದು, ಮಂಪರು, ಎಂಟು ಗಂಟೆಯಾದರೂ ಮೂತ್ರ ಹೋಗದಿರುವುದು. ಜೊಲ್ಲು ಸುರಿಯುತ್ತಾ ಉಸಿರಿಗೆ ಒದ್ದಾಡುವ ಮಗುವಿನ ಬಾಯಲ್ಲಿ ಚಮಚ ಹಾಕಿ ನೋಡಲು ಹೋಗಬೇಡಿ, ಬಲವಂತವಾಗಿ ಮಲಗಿಸಬೇಡಿ. ಅದು ಹೇಗೆ ಕೂತಿದೆಯೋ ಹಾಗೇ ಎತ್ತಿಕೊಂಡು ಹೊರಡಿ. ಮೂರು ತಿಂಗಳು ತುಂಬದ ಕೂಸಿಗೆ ಜ್ವರ ಬಂದರೆ ಬೇರೆ ಯಾವ ಲಕ್ಷಣಕ್ಕೂ ಕಾಯುವುದು ಬೇಡ.

ಗಂಟಲಲ್ಲಿ ಬೂದು ಬಣ್ಣದ ಪೊರೆ ಕಟ್ಟಿ ಕುತ್ತಿಗೆ ದಪ್ಪಗೆ ಊದಿದರೆ ಅದು ಗಂಟಲುಮಾರಿ, ಅಂದರೆ ಡಿಫ್ತೀರಿಯಾ ಇರಬಹುದು. ಆ ಪೊರೆಯನ್ನು ಕೀಳಬೇಡಿ, ರಕ್ತ ಬರುತ್ತದೆ. ಅದಕ್ಕೆ ವಿಷ ಇಳಿಸುವ ಔಷಧಿ ಆಸ್ಪತ್ರೆಯಲ್ಲೇ ಕೊಡಬೇಕು, ತಡವಾದಷ್ಟೂ ಅಪಾಯ. ಲಸಿಕೆ ಹಾಕಿಸಿದ ಮಕ್ಕಳಿಗೆ ಇದರಿಂದ ಒಳ್ಳೆಯ ರಕ್ಷಣೆ ಸಿಗುತ್ತದೆ. ಕೂಸಿಗೆ ಹಾಕಿಸಿದ್ದಷ್ಟೇ ಸಾಲದು, ದೊಡ್ಡದಾಗುತ್ತಾ ಬೂಸ್ಟರ್ ಕೂಡ ಬೇಕು. ಕಾರ್ಡ್ ತೆಗೆದು ನೋಡಿ, ಬಿಟ್ಟುಹೋಗಿದ್ದರೆ ನನಗೆ ಹೇಳಿ.

ದೊಡ್ಡವರೂ ತಮ್ಮನ್ನು ಮರೆಯಬಾರದು. ಜ್ವರ ಮೂರು ದಿನ ದಾಟಿದರೆ, ನೋವು ವಾರ ಕಳೆದರೂ ಇಳಿಯದಿದ್ದರೆ, ಮೈಮೇಲೆ ಕೆಂಪು ಗುಳ್ಳೆ ಎದ್ದರೆ, ಉಗುಳಿನಲ್ಲಿ ರಕ್ತ ಕಂಡರೆ ತೋರಿಸಿ. ಬಸುರಿಯರು, ಸಕ್ಕರೆ ಕಾಯಿಲೆ ಇರುವವರು ಅಷ್ಟು ದಿನ ಕಾಯಬೇಡಿ. ಥೈರಾಯ್ಡ್ ಹೆಚ್ಚಾಗಿ ಅದನ್ನು ತಗ್ಗಿಸಲು ಕಾರ್ಬಿಮಝೋಲ್ ಮಾತ್ರೆ ತಗೊಳ್ಳುವವರಿಗೆ ಗಂಟಲು ನೋವು, ಜ್ವರ ಬಂದರೆ ಅದೇ ದಿನ ರಕ್ತ ಪರೀಕ್ಷೆಯಾಗಬೇಕು. ಆ ಮಾತ್ರೆ ಅಪರೂಪಕ್ಕೆ ಬಿಳಿ ರಕ್ತಕಣಗಳನ್ನು ಅಪಾಯದ ಮಟ್ಟಕ್ಕೆ ಇಳಿಸುತ್ತದೆ. ಹೊಗೆಸೊಪ್ಪು ಜಗಿಯುವವರು, ಬೀಡಿ ಸೇದುವವರು, ಧ್ವನಿ ಮೂರು ವಾರ ಒಡೆದೇ ಇದ್ದರೆ, ನುಂಗುವಾಗ ತಡೆದಂತಾದರೆ, ಕುತ್ತಿಗೆಯಲ್ಲಿ ನೋವಿಲ್ಲದ ಗಂಟು ಕಂಡರೆ ನಾಚಿಕೆಪಡದೆ ಬನ್ನಿ. ನೋವಿಲ್ಲ ಎಂದರೆ ಚಿಂತೆಯಿಲ್ಲ ಎಂದಲ್ಲ. ಕ್ಯಾನ್ಸರ್ ಆಗಿದ್ದರೂ ಬೇಗ ಸಿಕ್ಕರೆ ಗುಣಪಡಿಸುವ ಸಾಧ್ಯತೆ ಬಹಳ ಹೆಚ್ಚು.

ಒಬ್ಬರಿಂದ ಒಬ್ಬರಿಗೆ ಹರಡದಂತೆ ಲೋಟ, ಚಮಚ, ಟವಲ್ ಬೇರೆ ಇಡಿ. ಕೆಮ್ಮುವಾಗ ಬಾಯಿಗೆ ಬಟ್ಟೆ ಹಿಡಿಯಲಿ, ಕೈಯನ್ನು ಸೋಪು ಹಾಕಿ ತೊಳೆಯಲಿ. ಸ್ಟ್ರೆಪ್ಟೊಕಾಕಸ್ ಸೋಂಕಾದರೆ, ಔಷಧಿ ಶುರುವಾಗಿ 24 ಗಂಟೆ ಕಳೆದು ಜ್ವರವೂ ಬಿಟ್ಟ ಮೇಲೆ ಶಾಲೆಗೆ ಕಳಿಸಬಹುದು.

ಈಗ ಇಬ್ಬಿಬ್ಬರು ಎದುರುಬದುರು ಕೂತುಕೊಳ್ಳಿ. ಟಾರ್ಚ್ ತಂದಿದ್ದೇನೆ, ಮೊಬೈಲಿನ ಬೆಳಕಾದರೂ ಸರಿ. ಎದುರಿನವರು ಬಾಯಿ ಅಗಲಿಸಿ ಉದ್ದಕ್ಕೆ "ಆ" ಎನ್ನಲಿ. ನಡುವೆ ನೇತಾಡುವುದು ಕಿರುನಾಲಿಗೆ, ಅದರ ಎರಡೂ ಪಕ್ಕದ ಉಬ್ಬುಗಳು ಟಾನ್ಸಿಲ್. ಆರೋಗ್ಯವಾಗಿರುವ ಗಂಟಲು ಹೇಗಿರುತ್ತದೆ ಎಂದು ಇವತ್ತೇ ನೋಡಿಟ್ಟುಕೊಳ್ಳಿ. ಮನೆಯಿಂದ ಸಿರಪ್ ಬಾಟಲಿ ತಂದವರು ಆಮೇಲೆ ನನ್ನ ಹತ್ತಿರ ಬನ್ನಿ, ನಿಮ್ಮ ಮಗುವನ್ನು ಇಲ್ಲೇ ತೂಕ ಮಾಡಿ, ಎಷ್ಟು ಎಂಎಲ್ ಎಂದು ಬಾಟಲಿಯ ಮೇಲೆಯೇ ಬರೆದುಕೊಡುತ್ತೇನೆ.